ತುದಿ ಕತ್ತರಿಸಿದರೆ ಕೂದಲು ಬೇಗ ಬೆಳೆಯುತ್ತಾ?

"ತುದಿಯೆಲ್ಲಾ ಸೀಳಿದೆ ಮೇಡಂ, ತಿಂಗಳಿಗೊಂದ್ಸಲ ಟ್ರಿಮ್ ಮಾಡಿಸಿ, ಬೇಗ ಉದ್ದ ಬರುತ್ತೆ." ಉದ್ದ ಕೂದಲಿರುವ ಯಾರೇ ಪಾರ್ಲರ್‌ಗೆ ಹೋಗಲಿ, ಈ ಮಾತು ಕೇಳಿಯೇ ಬರುತ್ತಾರೆ. ಮನೆಯಲ್ಲಿ ಅಜ್ಜಿ ಹೇಳುವುದೂ ಹೆಚ್ಚುಕಡಿಮೆ ಇದನ್ನೇ. ಆದರೆ ಹೀಗೆ ತಿಂಗಳು ತಿಂಗಳು ಕತ್ತರಿಸಿಕೊಂಡವರಲ್ಲಿ ಎಷ್ಟೋ ಜನರ ಕೂದಲು ವರ್ಷ ಕಳೆದರೂ ಭುಜ ದಾಟಿರುವುದಿಲ್ಲ. ಇನ್ನು ಕತ್ತರಿಯನ್ನೇ ಮುಟ್ಟದವರ ಜಡೆ ಕೆಳಕ್ಕೆ ಹೋದಂತೆ ಇಲಿಬಾಲದ ಹಾಗೆ ತೆಳುವಾಗಿರುತ್ತದೆ. ಇಬ್ಬರಿಗೂ ಒಂದೇ ಅನುಮಾನ: ನನ್ನ ಕೂದಲು ಬೆಳೆಯುವುದೇ ನಿಂತುಹೋಗಿದೆಯಾ?

## ಬೆಳೆಯುವುದು ಎಲ್ಲಿ, ಸೀಳುವುದು ಎಲ್ಲಿ

ಕೂದಲಿನ ಜೀವಂತ ಭಾಗ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಅದು ನೆತ್ತಿಯ ಚರ್ಮದ ಒಳಗೆ, ಬುಡದಲ್ಲಿದೆ. ಅಲ್ಲಿ ಜೀವಕೋಶಗಳು ಒಂದೇ ಸಮನೆ ಹುಟ್ಟುತ್ತಿರುತ್ತವೆ. ಹೊಸವು ಹುಟ್ಟಿದಂತೆ ಹಳೆಯವು ಮೇಲಕ್ಕೆ ತಳ್ಳಿಸಿಕೊಳ್ಳುತ್ತವೆ, ಗಟ್ಟಿಯಾಗುತ್ತವೆ, ಸಾಯುತ್ತವೆ. ಚರ್ಮದಿಂದ ಹೊರಗೆ ಬರುವ ಎಳೆ ಕೆರಾಟಿನ್ ಎಂಬ ಪ್ರೋಟೀನಿನದು. ಅದರಲ್ಲಿ ನರವಿಲ್ಲ, ರಕ್ತವಿಲ್ಲ. ಅದಕ್ಕೇ ಕತ್ತರಿಸಿದರೆ ನೋಯುವುದಿಲ್ಲ.

ಬೆಳವಣಿಗೆಯ ವೇಗ ಸಾಮಾನ್ಯವಾಗಿ ತಿಂಗಳಿಗೆ 1ರಿಂದ 1.3 ಸೆಂಟಿಮೀಟರ್. ತಲೆಯ ಪ್ರತಿ ಕೂದಲಿಗೂ ಒಂದು ಆಯಸ್ಸಿದೆ. ಎರಡರಿಂದ ಏಳು ವರ್ಷ ಬೆಳೆಯುತ್ತದೆ, ಆಮೇಲೆ ಎರಡು ಮೂರು ವಾರದಲ್ಲಿ ಬುಡ ಸೊರಗುತ್ತದೆ, ಸುಮಾರು ಮೂರು ತಿಂಗಳು ಹಾಗೇ ನಿಂತು ಉದುರುತ್ತದೆ. ಅದೇ ಜಾಗದಲ್ಲಿ ಹೊಸದು ಹುಟ್ಟುತ್ತದೆ. ದಿನಕ್ಕೆ 50ರಿಂದ 100 ಕೂದಲು ಉದುರುವುದು ಈ ಲೆಕ್ಕದ್ದೇ, ಅದಕ್ಕೆ ಗಾಬರಿ ಬೇಡ.

ಬೆಳೆಯುವ ಅವಧಿ ಎಷ್ಟು ವರ್ಷ ಎನ್ನುವುದು ಬಹುಮಟ್ಟಿಗೆ ಹುಟ್ಟಿನಿಂದ ಬಂದದ್ದು. ನಾಲ್ಕು ವರ್ಷ ಬೆಳೆಯುವ ಕೂದಲು ತಿಂಗಳಿಗೆ 1.2 ಸೆಂಟಿಮೀಟರಿನಂತೆ 58 ಸೆಂಟಿಮೀಟರ್ ಹತ್ತಿರ ಬಂದು ಉದುರುತ್ತದೆ. ಆರು ವರ್ಷ ಬೆಳೆಯುವುದು 86 ದಾಟುತ್ತದೆ. ಅಕ್ಕನ ಜಡೆ ಸೊಂಟ ದಾಟಿ, ಅದೇ ಎಣ್ಣೆ, ಅದೇ ಸೀಗೆಕಾಯಿ ಹಾಕಿದ ತಂಗಿಯದು ಬೆನ್ನಿನ ಮಧ್ಯಕ್ಕೆ ನಿಲ್ಲುವುದಕ್ಕೆ ಇದೂ ಒಂದು ಕಾರಣ.

ಸೀಳುವುದು ಮಾತ್ರ ಇನ್ನೊಂದು ಕೊನೆಯಲ್ಲಿ. ಅಲ್ಲಿ ಏನು ನಡೆದರೂ ಬುಡಕ್ಕೆ ಸುದ್ದಿ ಮುಟ್ಟುವ ದಾರಿಯೇ ಇಲ್ಲ.

## ತುದಿ ಸೀಳುವುದು ಹೇಗೆ

ಕೂದಲನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹೊರಮೈ ತುಂಬ ಒಂದರ ಮೇಲೊಂದು ಹೊದಿಸಿದ ಹಾಳೆಗಳು ಕಾಣುತ್ತವೆ. ಇದಕ್ಕೆ ಕ್ಯೂಟಿಕಲ್ ಅಂತ ಹೆಸರು. ಮಂಗಳೂರು ಹೆಂಚಿನ ಮಾಡನ್ನು ನೆನಪಿಸಿಕೊಳ್ಳಿ. ಒಂದು ಹೆಂಚಿನ ಕೆಳ ಅಂಚು ಇನ್ನೊಂದರ ಮೇಲೆ ಕೂತಿರುತ್ತದೆ, ಎಲ್ಲವೂ ಕೆಳಮುಖ. ಕೂದಲಿನ ಹಾಳೆಗಳೂ ಹಾಗೆಯೇ ತುದಿಯ ಕಡೆಗೆ ಮುಖ ಮಾಡಿವೆ. ಬುಡದಿಂದ ತುದಿಗೆ ಬೆರಳಾಡಿಸಿದರೆ ನಯ, ತುದಿಯಿಂದ ಬುಡಕ್ಕೆ ಆಡಿಸಿದರೆ ಒರಟು. ಹೀಗೆ ಐದರಿಂದ ಹತ್ತು ಪದರ ಇರುತ್ತವೆ. ಮೇಲಿನ ಪದರದ ಮೇಲೆ ಹುಟ್ಟಿನಿಂದಲೇ ಅಂಟಿ ಬಂದ ತೆಳುವಾದ ಕೊಬ್ಬಿನ ಲೇಪವೂ ಇದೆ. ಹೊಸ ಕೂದಲು ಜಾರುವುದು, ನೀರನ್ನು ಸುಲಭವಾಗಿ ಹೀರದಿರುವುದು ಅದರಿಂದಲೇ.

ಒಳಗಿರುವುದು ಕಾರ್ಟೆಕ್ಸ್. ಉದ್ದುದ್ದ ನಾರುಗಳ ಕಂತೆ ಅದು. ಕೂದಲಿನ ಬಲವೆಲ್ಲ ಅಲ್ಲೇ ಇದೆ. ಆದರೆ ಹೊರಗಿನ ಹಾಳೆಗಳು ಇರುವತನಕ ಮಾತ್ರ ಆ ನಾರುಗಳು ಒಟ್ಟಿಗೆ ನಿಲ್ಲುತ್ತವೆ. ಬಾಚಿದಾಗ, ಉಜ್ಜಿದಾಗ, ಬಣ್ಣ ಹಾಕಿದಾಗ ಹಾಳೆಗಳ ಅಂಚು ಏಳುತ್ತದೆ, ಚೂರಾಗುತ್ತದೆ, ಕಳಚುತ್ತದೆ. ಹಾರಿಹೋದ ಹೆಂಚನ್ನಾದರೂ ಮತ್ತೆ ಹೊದಿಸಬಹುದು. ಕೂದಲು ಸತ್ತ ವಸ್ತು, ಹೊಸ ಹಾಳೆ ಹುಟ್ಟಿಸಿಕೊಳ್ಳಲಾರದು. ಒಂದು ಜಾಗದಲ್ಲಿ ಪದರವೆಲ್ಲ ಸವೆದುಹೋದರೆ ಒಳಗಿನ ನಾರು ಬಯಲಾಗಿ ಉದ್ದಕ್ಕೆ ಬಿಡಿಸಿಕೊಳ್ಳಲು ಶುರುವಾಗುತ್ತದೆ. ಸೀಳು ತುದಿ ಅಂದರೆ ಇದೇ. ವೈದ್ಯರು ಇದನ್ನು ಟ್ರೈಕೊಪ್ಟಿಲೋಸಿಸ್ ಎನ್ನುತ್ತಾರೆ.

ಇದು ತುದಿಯಲ್ಲೇ ಹೆಚ್ಚು ಆಗುವುದಕ್ಕೆ ತುದಿಯ ವಯಸ್ಸೇ ಕಾರಣ. ಸೊಂಟದವರೆಗೆ, ಅಂದರೆ ಸುಮಾರು 72 ಸೆಂಟಿಮೀಟರ್ ಉದ್ದದ ಕೂದಲನ್ನು ತೆಗೆದುಕೊಳ್ಳಿ. ಬುಡದ ಕಡೆಯ ಮೊದಲ ಸೆಂಟಿಮೀಟರ್ ಕಳೆದ ತಿಂಗಳು ಹುಟ್ಟಿದ್ದು. ತುದಿಯ ಸೆಂಟಿಮೀಟರ್ ಐದು ವರ್ಷ ಹಿಂದಿನದು. ವಾರಕ್ಕೆ ಎರಡು ಸಲ ತಲೆಗೆ ಸ್ನಾನ ಅಂತಿಟ್ಟುಕೊಂಡರೆ ಅದು 500ಕ್ಕೂ ಹೆಚ್ಚು ಸಲ ಶಾಂಪೂ ಕಂಡಿದೆ. ದಿನಾ ಬಾಚಿದ್ದು, ಬಿಸಿಲು, ದಿಂಬು, ಸ್ಕೂಟರ್ ಗಾಳಿ ಎಲ್ಲ ಬೇರೆ.

## ಕತ್ತರಿಸಿದರೆ ವೇಗ ಹೆಚ್ಚಾಗುತ್ತಾ?

ಇಲ್ಲ. ಇದನ್ನು ಜನ ಸುಮ್ನೆ ಊಹೆ ಮಾಡಿ ಹೇಳಿದ್ದಲ್ಲ, ಅಳೆದು ನೋಡಿದ್ದಾರೆ. 1928ರಲ್ಲಿ ಅಮೆರಿಕದ ಅಂಗರಚನಾ ತಜ್ಞೆ ಮಿಲ್ಡ್ರೆಡ್ ಟ್ರಾಟರ್ ಗಂಡಸರ ಮುಖದ ಕೂದಲನ್ನು ಬೋಳಿಸಿ ಪರೀಕ್ಷಿಸಿದರು. ಬೋಳಿಸಿದ್ದರಿಂದ ಕೂದಲಿನ ಬಣ್ಣವೂ ಬದಲಾಗಲಿಲ್ಲ, ವೇಗವೂ ಬದಲಾಗಲಿಲ್ಲ. 1970ರಲ್ಲಿ ಇನ್ನಿಬ್ಬರು ಸಂಶೋಧಕರು ಐವರು ಯುವಕರ ಒಂದೇ ಕಾಲನ್ನು ವಾರಕ್ಕೊಮ್ಮೆ ಕೆಲವು ತಿಂಗಳು ಬೋಳಿಸಿದರು. ಇನ್ನೊಂದು ಕಾಲನ್ನು ಹಾಗೇ ಬಿಟ್ಟರು. ಎರಡೂ ಕಾಲಿನ ಕೂದಲಿನ ತೂಕ, ದಪ್ಪ, ಬೆಳೆಯುವ ವೇಗ ಯಾವುದರಲ್ಲೂ ಹೇಳಿಕೊಳ್ಳುವ ವ್ಯತ್ಯಾಸ ಸಿಗಲಿಲ್ಲ. ಚರ್ಮದ ಮಟ್ಟಕ್ಕೆ ಬೋಳಿಸಿದರೇ ಬುಡಕ್ಕೆ ಏನೂ ಆಗದಿದ್ದರೆ, ಎರಡಡಿ ದೂರದಲ್ಲಿ ಅರ್ಧ ಇಂಚು ಕತ್ತರಿಸಿದರೆ ಏನಾಗಬೇಕು ಹೇಳಿ.

ಹಾಗಾದರೆ ಈ ನಂಬಿಕೆ ಇಷ್ಟು ಗಟ್ಟಿಯಾಗಿ ಉಳಿದದ್ದು ಹೇಗೆ? ನಮ್ಮಲ್ಲಿ ಮಗುವಿನ ಮುಡಿ ತೆಗೆಸಿದ ಮೇಲೆ ಕೂದಲು ದಟ್ಟವಾಗಿ ಬರುವುದನ್ನು ಎಲ್ಲರೂ ಕಣ್ಣಾರೆ ನೋಡಿದ್ದಾರೆ. ಆದರೆ ಆ ವಯಸ್ಸಿನಲ್ಲಿ ಮಗುವಿನ ನಯವಾದ ಎಳೆಗೂದಲು ಹೋಗಿ ದಪ್ಪ ಕೂದಲು ಬರುವುದು ಹೇಗೂ ನಡೆಯುತ್ತಿರುತ್ತದೆ. ಮುಡಿ ಕೊಡದ ಮಕ್ಕಳಲ್ಲೂ ನಡೆಯುತ್ತದೆ. ಜೊತೆಗೆ ಕತ್ತರಿಸಿದ ಕೂದಲಿನ ತುದಿ ಮೊಂಡಾಗಿರುತ್ತದೆ, ಮುಟ್ಟಿದರೆ ಚುಚ್ಚುತ್ತದೆ. ಅದು ದಪ್ಪ ಅನ್ನಿಸುತ್ತದೆ. ಹರಕೆ ಹರಕೆಯೇ, ಅದರ ಮಾತು ಬೇರೆ. ಬುಡದ ಸಂಖ್ಯೆಯಂತೂ ಅದರಿಂದ ಬದಲಾಗುವುದಿಲ್ಲ.

ದೊಡ್ಡವರಲ್ಲಿ ಇನ್ನೊಂದು ಸಂಗತಿ ಇದೆ. ತೆಳುವಾದ, ಹರಿದ ತುದಿಗಳನ್ನು ತೆಗೆದ ಕೂಡಲೇ ಅಂಚು ಒಂದೇ ಸಮ ಕಾಣುತ್ತದೆ. ಜಡೆ ಕೆಳಗಿನವರೆಗೂ ಒಂದೇ ದಪ್ಪ ಅನ್ನಿಸುತ್ತದೆ. ಸಿಕ್ಕು ಕಡಿಮೆಯಾಗುತ್ತದೆ, ಆಮೇಲೆ ಮುರಿಯುವುದೂ ಕಡಿಮೆಯಾಗುತ್ತದೆ. ಮುರಿಯದೆ ಉಳಿದದ್ದು ಬೆಳೆದ ಹಾಗೆ ಕಾಣುತ್ತದೆ. ಪಾರ್ಲರ್‌ನವರ ಮಾತಿನಲ್ಲಿ ಇರುವ ನಿಜ ಇಷ್ಟೇ, ಆದರೆ ಇದು ಸಣ್ಣ ನಿಜವೇನಲ್ಲ.

ನಿಮ್ಮ ಕೂದಲು ನಿಜವಾಗಿ ಬೆಳೆಯುತ್ತಿದೆಯಾ ಅಂತ ತಿಳಿಯಬೇಕಾದರೆ ತುದಿಯನ್ನು ನೋಡಬೇಡಿ. ಬಿಳಿ ಕೂದಲಿಗೆ ಬಣ್ಣ ಅಥವಾ ಮೆಹೆಂದಿ ಹಾಕುವವರಿಗೆ ಇದು ಚೆನ್ನಾಗಿ ಗೊತ್ತು. ತಿಂಗಳು ತುಂಬುವಷ್ಟರಲ್ಲಿ ಬೈತಲೆಯಲ್ಲಿ ಒಂದು ಸೆಂಟಿಮೀಟರಿನ ಬಿಳಿ ಗೆರೆ ಬಂದಿರುತ್ತದೆ, ಜಡೆಯ ಉದ್ದ ಮಾತ್ರ ಅಷ್ಟೇ ಇರುತ್ತದೆ. ಮೇಲೆ ಬಂದಷ್ಟೂ ಕೆಳಗೆ ಮುರಿದು ಹೋಗುತ್ತಿದೆ ಎಂದು ಅರ್ಥ.

## ಒಂದು ಜಡೆಯ ಲೆಕ್ಕ

ಮತ್ತೆ ಆ 72 ಸೆಂಟಿಮೀಟರ್ ಕೂದಲಿಗೇ ಬರೋಣ. ತಿಂಗಳಿಗೆ 1.2ರಂತೆ ವರ್ಷಕ್ಕೆ 14.4 ಸೆಂಟಿಮೀಟರ್ ಬೆಳೆಯುತ್ತದೆ.

ಇದರ ಒಡತಿ ಎರಡು ತಿಂಗಳಿಗೊಮ್ಮೆ ಟ್ರಿಮ್ ಮಾಡಿಸುತ್ತಾಳೆ ಅಂದುಕೊಳ್ಳಿ. "ಅರ್ಧ ಇಂಚು ಸಾಕು" ಎಂದು ಹೇಳಿರುತ್ತಾಳೆ, ಅಂಚು ಸಮ ಮಾಡುವಷ್ಟರಲ್ಲಿ ಒಂದು ಇಂಚು, ಅಂದರೆ ಎರಡೂವರೆ ಸೆಂಟಿಮೀಟರ್ ಹೋಗಿರುತ್ತದೆ. ಆರು ಸಲಕ್ಕೆ 15 ಸೆಂಟಿಮೀಟರ್. ವರ್ಷದ ಕೊನೆಗೆ ಜಡೆ ಇದ್ದದ್ದಕ್ಕಿಂತ ಒಂದು ಚೂರು ಗಿಡ್ಡವೇ. ತುದಿ ಮಾತ್ರ ಅಚ್ಚುಕಟ್ಟಾಗಿರುತ್ತದೆ. ಅಷ್ಟೇ ಉದ್ದ ಇಷ್ಟವಾದರೆ ಇದರಲ್ಲಿ ತಪ್ಪೇನಿಲ್ಲ.

ಅವಳೇ ನಾಲ್ಕು ತಿಂಗಳಿಗೊಮ್ಮೆ ಒಂದೇ ಸೆಂಟಿಮೀಟರ್ ತೆಗೆಸಿದರೆ ವರ್ಷಕ್ಕೆ ಹೋಗುವುದು ಮೂರು, ಉಳಿಯುವುದು 11 ಚಿಲ್ಲರೆ. ಕತ್ತರಿಯನ್ನೇ ಮುಟ್ಟದಿದ್ದರೆ ಕಾಗದದ ಮೇಲೆ ಪೂರ್ತಿ 14.4 ಉಳಿಯಬೇಕು. ಆದರೆ ಸೀಳಿದ ಕೂದಲು ಸೀಳಿದಲ್ಲೇ ನಿಲ್ಲುವುದಿಲ್ಲ. ಬಾಚಿದಾಗಲೆಲ್ಲ ಸೀಳು ಮೇಲಕ್ಕೆ ಹರಿಯುತ್ತದೆ, ಎರಡು ಸೀಳು ತುದಿಗಳು ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ, ಕೊನೆಗೆ ಎಲ್ಲೋ ಒಂದು ಕಡೆ ಪಟ್ ಎಂದು ಮುರಿಯುತ್ತದೆ. ಎಲ್ಲಿ ಮುರಿಯಬೇಕೆಂದು ನಾವು ತೀರ್ಮಾನಿಸುವುದಿಲ್ಲ. ಅರ್ಧ ಸೆಂಟಿಮೀಟರಿಗೆ ಮುಗಿಯಬೇಕಾದದ್ದು ನಾಲ್ಕು ಸೆಂಟಿಮೀಟರ್ ಮೇಲೆ ಹೋಗಿರಬಹುದು.

ಹಾಗಾಗಿ ಟ್ರಿಮ್ಮಿಂಗ್‌ಗೆ ಎಲ್ಲರಿಗೂ ಹೊಂದುವ ತಿಂಗಳ ಲೆಕ್ಕ ಇಲ್ಲ. ಬಣ್ಣ, ಸ್ಟ್ರೇಟ್ನಿಂಗ್ ಮಾಡಿಸಿದವರಿಗೆ ಬೇಗ ಬೇಕಾಗುತ್ತದೆ. ಏನೂ ಮಾಡಿಸದೆ, ಹೆಚ್ಚು ಹೊತ್ತು ಹೆಣೆದೇ ಇಡುವವರಿಗೆ ಆರೆಂಟು ತಿಂಗಳು ಬೇಡವಾಗಬಹುದು. ಕ್ಯಾಲೆಂಡರ್‌ಗಿಂತ ತುದಿಯನ್ನೇ ಕೇಳುವುದು ಒಳ್ಳೆಯದು. ಹಗಲು ಬೆಳಕಿನಲ್ಲಿ ಒಂದು ಸಣ್ಣ ಗೊಂಚಲು ಹಿಡಿದು, ಹೊಸೆದು, ಕಪ್ಪು ಕೂದಲಾದರೆ ಬಿಳಿ ಬಟ್ಟೆಯ ಮೇಲಿಟ್ಟು ನೋಡಿ. ವೈ ಆಕಾರದ ತುದಿಗಳು ಕಾಣುತ್ತವೆ. ತುದಿಯಿಂದ ಸ್ವಲ್ಪ ಮೇಲೆ ಬಿಳಿ ಚುಕ್ಕೆಗಳಿದ್ದರೆ ಅಲ್ಲಿ ಹಾಳೆ ಹೋಗಿ ನಾರು ಕುಂಚದ ಹಾಗೆ ಬಿಚ್ಚಿಕೊಂಡಿದೆ, ಇನ್ನೇನು ಮುರಿಯುವುದರಲ್ಲಿದೆ. ಅಲ್ಲೊಂದು ಇಲ್ಲೊಂದು ಇದ್ದರೆ ಆ ಎಳೆಗಳನ್ನಷ್ಟೇ ಕತ್ತರಿಸಿದರೆ ಸಾಕು. ಗೊಂಚಲಿನ ತುಂಬ ಇದ್ದರೆ ಟ್ರಿಮ್ ಮಾಡಿಸುವ ಹೊತ್ತು ಬಂದಿದೆ.

ಕತ್ತರಿಸುವಾಗ ಸೀಳು ಮುಗಿದ ಜಾಗದಿಂದ ಅರ್ಧ ಸೆಂಟಿಮೀಟರ್ ಮೇಲೆ ಕತ್ತರಿಸಿ. ಸೀಳಿನ ನಡುವೆಯೇ ಕತ್ತರಿಸಿದರೆ ಉಳಿದ ಸೀಳು ಮತ್ತೆ ಮುಂದುವರಿಯುತ್ತದೆ. ಕತ್ತರಿ ಹರಿತವಾಗಿರಲಿ, ಕೂದಲಿಗೆ ಮಾತ್ರ ಮೀಸಲಿರಲಿ. ಹಾಲಿನ ಪ್ಯಾಕೆಟ್ ಕತ್ತರಿಸುವ ಮೊಂಡು ಕತ್ತರಿ ಕೂದಲನ್ನು ಜಜ್ಜುತ್ತದೆ. ಜಜ್ಜಿದ ತುದಿ ಬೇಗ ಸೀಳುತ್ತದೆ. ಇನ್ನು ಸೀಳಿದ ತುದಿಯನ್ನು ಬೆರಳಲ್ಲಿ ಹಿಡಿದು ಎಳೆದು ಹರಿಯುವ ಚಟ ಬಹಳ ಜನಕ್ಕಿದೆ, ಟಿವಿ ನೋಡುತ್ತಾ ಅದೇ ಕೆಲಸ. ಒಂದು ಸೀಳಿಗೆ ಮೂರು ಸೀಳು ಮಾಡಿಕೊಳ್ಳುವ ದಾರಿ ಅದು.

## ತುದಿಯನ್ನು ಉಳಿಸುವುದು ಯಾವುದು

ಹಾಳೆಗಳು ಹೋದರೆ ಮತ್ತೆ ಬರುವುದಿಲ್ಲ ಅಂದಮೇಲೆ ಅವು ಸವೆಯುವುದನ್ನು ನಿಧಾನ ಮಾಡುವುದೊಂದೇ ಉಳಿದ ದಾರಿ. ಸವೆತಕ್ಕೆ ಮುಖ್ಯ ಕಾರಣಗಳು ಉಜ್ಜಾಟ, ಒದ್ದೆಯಾಗಿ ಊದಿಕೊಳ್ಳುವುದು, ಬಿಸಿ ಮತ್ತು ರಾಸಾಯನಿಕ. ಇವೆಲ್ಲ ಸಾಮಾನ್ಯವಾಗಿ ಒಟ್ಟಿಗೆ ಸೇರುವುದು ತಲೆಸ್ನಾನದ ದಿನ. ಅದನ್ನೇ ಹಂತಹಂತವಾಗಿ ನೋಡೋಣ.

ಸ್ನಾನಕ್ಕೆ ಮೊದಲೇ ಸಿಕ್ಕು ಬಿಡಿಸಿ. ಒಣಗಿದ ಜಡೆಯ ಸಿಕ್ಕು ನೀರು ಬಿದ್ದ ಮೇಲೆ ಗಂಟಾಗುತ್ತದೆ. ಅಗಲ ಹಲ್ಲಿನ ಬಾಚಣಿಗೆಯಲ್ಲಿ ತುದಿಯಿಂದ ಶುರುಮಾಡಿ, ನಾಲ್ಕು ಬೆರಳಿನಷ್ಟು ಬಿಡಿಸಿ, ಆಮೇಲೆ ಅದಕ್ಕಿಂತ ಸ್ವಲ್ಪ ಮೇಲಿನಿಂದ ಬಾಚುತ್ತಾ ಬನ್ನಿ. ನೆತ್ತಿಯಿಂದ ಒಂದೇ ಸಲ ಎಳೆದರೆ ಹಾದಿಯ ಸಿಕ್ಕೆಲ್ಲ ತುದಿಗೆ ಬಂದು ಕೂಡಿಕೊಳ್ಳುತ್ತದೆ, ಅಲ್ಲೇ ಕಿತ್ತು ಬರುತ್ತದೆ.

ಆಮೇಲೆ ಎಣ್ಣೆ. ಈ ವಿಷಯದಲ್ಲಿ ನಮ್ಮ ಹಳೆಯ ಪದ್ಧತಿಗೆ ಒಳ್ಳೆಯ ಆಧಾರ ಇದೆ. 2003ರಲ್ಲಿ ಮುಂಬೈನಲ್ಲಿ ರೆಲೆ ಮತ್ತು ಮೊಹಿಲೆ ಎಂಬ ಸಂಶೋಧಕರು ತೆಂಗಿನೆಣ್ಣೆ, ಸೂರ್ಯಕಾಂತಿ ಎಣ್ಣೆ, ಖನಿಜ ತೈಲ ಮೂರನ್ನೂ ಕೂದಲಿಗೆ ಹಚ್ಚಿ, ತೊಳೆದು, ಎಷ್ಟು ಪ್ರೋಟೀನ್ ನಷ್ಟವಾಯಿತೆಂದು ಅಳೆದರು. ನಷ್ಟವನ್ನು ಗಣನೀಯವಾಗಿ ತಗ್ಗಿಸಿದ್ದು ತೆಂಗಿನೆಣ್ಣೆ ಮಾತ್ರ. ಸ್ನಾನಕ್ಕೆ ಮೊದಲು ಹಚ್ಚಿದಾಗಲೂ ಫಲ ಕಂಡಿತು, ಆಮೇಲೆ ಹಚ್ಚಿದಾಗಲೂ. ಇವರು ತೆಂಗಿನೆಣ್ಣೆ ಮಾರುವ ಮಾರಿಕೋ ಕಂಪನಿಯ ಸಂಶೋಧನಾ ವಿಭಾಗದವರು ಎನ್ನುವುದನ್ನೂ ಹೇಳಿಬಿಡಬೇಕು. ಆದರೂ ಅವರು ಕೊಟ್ಟ ವಿವರಣೆ ಒಪ್ಪುವಂತಿದೆ. ತೆಂಗಿನೆಣ್ಣೆಯಲ್ಲಿ ಹೆಚ್ಚಾಗಿರುವ ಲಾರಿಕ್ ಆಮ್ಲದ ಅಣು ಚಿಕ್ಕದು, ನೇರವಾದದ್ದು. ಅದಕ್ಕೇ ಕೂದಲಿನ ಒಳಗೆ ಇಳಿಯುತ್ತದೆ. ಒಳಗೆ ಎಣ್ಣೆ ಇದ್ದಷ್ಟೂ ನೀರು ಕಡಿಮೆ ನುಗ್ಗುತ್ತದೆ. ಕೂದಲು ಪ್ರತಿ ಸ್ನಾನಕ್ಕೂ ಊದಿ, ಒಣಗಿ, ಕುಗ್ಗಿ ದಣಿಯುವುದು ಕಡಿಮೆಯಾಗುತ್ತದೆ.

ಇಲ್ಲಿ ಒಂದು ತಪ್ಪು ನಮ್ಮ ಮನೆಗಳಲ್ಲಿ ಸಾಮಾನ್ಯ. ಎಣ್ಣೆಯನ್ನೆಲ್ಲ ನೆತ್ತಿಗೆ ತಿಕ್ಕುತ್ತೇವೆ, ತುದಿಗೆ ಕೈಯಲ್ಲಿ ಉಳಿದ ಜಿಡ್ಡು ಸವರುತ್ತೇವೆ. ಬೇಕಾದದ್ದು ಇದರ ಉಲ್ಟಾ. ನೆತ್ತಿಗೆ ಅದರದೇ ಜಿಡ್ಡಿದೆ. ಅದು ಎರಡಡಿ ಇಳಿದು ತುದಿ ತಲುಪುವುದಿಲ್ಲ. ಸೊಂಟದುದ್ದದ ಕೂದಲಿಗೆ ಒಂದೆರಡು ಚಮಚ ಸಾಕು. ಕಿವಿಯಿಂದ ಕೆಳಗೆ ಹಚ್ಚಿ, ತುದಿಗೆ ಜಾಸ್ತಿ. ಕೆಲವು ಗಂಟೆ ಅಥವಾ ರಾತ್ರಿಯಿಡೀ ಬಿಡಿ.

ಶಾಂಪೂವಾಗಲಿ ಸೀಗೆಕಾಯಿಯಾಗಲಿ ನೆತ್ತಿಗೆ ಹಾಕಿ. ಜಡೆಗೆ ನೊರೆ ಇಳಿದು ಹೋದರೆ ಸಾಕು. ಇಡೀ ಕೂದಲನ್ನು ತಲೆಯ ಮೇಲೆ ಗುಡ್ಡೆ ಹಾಕಿ ಬಟ್ಟೆ ಒಗೆದ ಹಾಗೆ ಉಜ್ಜಿದರೆ ಹಾಳೆಗಳು ಏಳುತ್ತವೆ. ಕಂಡೀಷನರ್ ಮಾತ್ರ ನೆತ್ತಿಗೆ ಬೇಡ, ಕೆಳಗಿನ ಅರ್ಧಕ್ಕೆ ಹಾಕಿ. ಸವೆದ ತುದಿಯಲ್ಲಿ ಋಣ ವಿದ್ಯುದಂಶ ಹೆಚ್ಚಿರುತ್ತದೆ, ಕಂಡೀಷನರಿನ ಮುಖ್ಯ ಅಂಶಕ್ಕೆ ಧನ ವಿದ್ಯುದಂಶ. ಹಾಗಾಗಿ ಎಲ್ಲಿ ಹೆಚ್ಚು ಹಾಳಾಗಿದೆಯೋ ಅಲ್ಲೇ ಅದು ಹೆಚ್ಚು ಅಂಟಿಕೊಳ್ಳುತ್ತದೆ, ಕಳೆದುಹೋದ ಕೊಬ್ಬಿನ ಲೇಪದ ಕೆಲಸವನ್ನು ಸ್ವಲ್ಪಮಟ್ಟಿಗೆ ಮಾಡುತ್ತದೆ. ಕೂದಲು ಕೂದಲಿಗೆ ಉಜ್ಜುವುದು ತಗ್ಗುತ್ತದೆ. ಉದ್ದ ಕೂದಲಿಗೆ ಅಂಗಡಿಯಲ್ಲಿ ಸಿಗುವ ವಸ್ತುಗಳಲ್ಲಿ ನಾನು ಒಂದನ್ನೇ ಆರಿಸಬೇಕೆಂದರೆ ಇದನ್ನೇ ಆರಿಸುತ್ತೇನೆ. ದುಬಾರಿಯದೇ ಬೇಕೆಂದಿಲ್ಲ.

ಒದ್ದೆ ಕೂದಲು ಒಣಗಿದ್ದಕ್ಕಿಂತ ಜಾಸ್ತಿ ಹಿಗ್ಗುತ್ತದೆ, ಬಲವೂ ಕಡಿಮೆ. ಟವೆಲಿನಲ್ಲಿ ಹಿಂಡಿ, ಕೊಡವಿ, ಪಟಪಟ ಬಡಿಯುವುದು ಇದೇ ಹೊತ್ತಿಗೆ. ಅದರ ಬದಲು ಹಳೆಯ ಹತ್ತಿ ಪಂಚೆಯಿಂದ ಒತ್ತಿ ನೀರು ತೆಗೆಯಿರಿ. ನೇರ ಕೂದಲಿನವರು ಮುಕ್ಕಾಲು ಒಣಗುವವರೆಗೆ ಬಾಚಣಿಗೆ ಮುಟ್ಟದಿದ್ದರೆ ಒಳ್ಳೆಯದು. ಗುಂಗುರು ಕೂದಲಿನವರಿಗೆ ಈ ಮಾತು ಅನ್ವಯಿಸುವುದಿಲ್ಲ. ಅವರದು ಒಣಗಿದ ಮೇಲೆ ಬಾಚಿದರೇ ಹೆಚ್ಚು ಮುರಿಯುತ್ತದೆ. ಕಂಡೀಷನರ್ ಇರುವಾಗಲೇ ಬೆರಳಿನಿಂದ ಬಿಡಿಸಿಕೊಳ್ಳುವುದು ಅವರಿಗೆ ಸರಿ.

ಡ್ರೈಯರ್ ಬಗ್ಗೆ ನಾವು ಅಂದುಕೊಂಡಷ್ಟು ಹೆದರಬೇಕಿಲ್ಲ. 2011ರಲ್ಲಿ ಕೊರಿಯಾದಲ್ಲಿ ನಡೆದ ಪರೀಕ್ಷೆಯಲ್ಲಿ 5 ಸೆಂಟಿಮೀಟರ್ ಹತ್ತಿರ ಹಿಡಿದ ಡ್ರೈಯರ್ ಕೂದಲನ್ನು 95 ಡಿಗ್ರಿಗೆ ಕಾಯಿಸಿ ಹೊರಪದರವನ್ನು ಹಾಳು ಮಾಡಿತು. 15 ಸೆಂಟಿಮೀಟರ್ ದೂರದಲ್ಲಿ ಆಡಿಸುತ್ತಾ ಒಣಗಿಸಿದಾಗ ಶಾಖ ಸುಮಾರು 47 ಡಿಗ್ರಿ, ಹಾನಿ ಕಡಿಮೆ. ಹಾಗೇ ಗಾಳಿಗೆ ಒಣಗಲು ಬಿಟ್ಟ ಕೂದಲಲ್ಲಿ ಹೊರಮೈ ಚೆನ್ನಾಗಿತ್ತು, ಆದರೆ ಕೋಶಗಳನ್ನು ಅಂಟಿಸಿಡುವ ಒಳಪದರಕ್ಕೆ ಪೆಟ್ಟಾಗಿತ್ತು. ಬಹಳ ಹೊತ್ತು ಒದ್ದೆಯಾಗಿ ಊದಿಕೊಂಡೇ ಇದ್ದದ್ದು ಅದಕ್ಕೆ ಕಾರಣವಿರಬಹುದೆಂದು ಸಂಶೋಧಕರು ಹೇಳಿದರು. ಮಳೆಗಾಲದಲ್ಲಿ ಮಲೆನಾಡು, ಕರಾವಳಿಯ ಕಡೆ ದಟ್ಟ ಕೂದಲು ಸಂಜೆಯಾದರೂ ಒಣಗುವುದಿಲ್ಲ. ಅಂಥಲ್ಲಿ ದೂರದಿಂದ ಡ್ರೈಯರ್ ಹಿಡಿದರೆ ತಪ್ಪಿಲ್ಲ. ಸ್ಟ್ರೇಟ್ನರ್ ಕತೆ ಬೇರೆ. ಅದು ಸಾಮಾನ್ಯವಾಗಿ 180 ಡಿಗ್ರಿ ದಾಟುತ್ತದೆ. ಒದ್ದೆ ಕೂದಲಿಗೆ ಒತ್ತಿದರೆ ಒಳಗಿನ ನೀರು ಆವಿಯಾಗಿ ಕೂದಲಿನೊಳಗೇ ಗುಳ್ಳೆಗಳಾಗುತ್ತವೆ. ಚೊಯ್ ಎಂಬ ಸದ್ದು ಕೇಳಿಸಿದರೆ ಕೂದಲು ಒಣಗಿಲ್ಲ ಅಂತಲೇ ಲೆಕ್ಕ, ಕೂಡಲೇ ನಿಲ್ಲಿಸಿ.

ಸ್ನಾನ ಇಲ್ಲದ ದಿನಗಳಲ್ಲಿ ಉಜ್ಜಾಟವೇ ದೊಡ್ಡದು. ಬಿಟ್ಟ ಕೂದಲಲ್ಲಿ ಸ್ಕೂಟರ್ ಓಡಿಸಿದರೆ ಹೆಲ್ಮೆಟ್ ಕೆಳಗಿನ ಅಷ್ಟೂ ಕೂದಲು ಅರ್ಧ ಗಂಟೆ ಗಾಳಿಗೆ ಒಂದಕ್ಕೊಂದು ಹೊಡೆದುಕೊಳ್ಳುತ್ತದೆ. ಹೆಣೆದು ದುಪಟ್ಟಾದ ಒಳಗೆ ಸೇರಿಸಿಕೊಳ್ಳಿ. ಜಡೆಯ ತುದಿ ಬ್ಯಾಗಿನ ಪಟ್ಟಿಗೆ, ಕುರ್ಚಿಯ ಬೆನ್ನಿಗೆ ದಿನವಿಡೀ ತಾಗುತ್ತಿದ್ದರೆ ತುರುಬು ಕಟ್ಟಿ ತುದಿಯನ್ನು ಒಳಗೆ ಮಡಚಿಡಿ. ಕೊನೆಗೆ ಹಾಕುವುದು ಬಟ್ಟೆ ಸುತ್ತಿದ ಬ್ಯಾಂಡ್ ಆಗಿರಲಿ, ಪೊಟ್ಟಣಕ್ಕೆ ಕಟ್ಟುವ ಬರಿ ರಬ್ಬರ್ ಬ್ಯಾಂಡ್ ಬೇಡ. ಒಂದೇ ಜಾಗದಲ್ಲಿ ದಿನಾ ಕಟ್ಟಿದರೆ ಅಲ್ಲೇ ಮುರಿಯುತ್ತದೆ, ಜಾಗ ಬದಲಿಸುತ್ತಿರಿ. ಮಲಗುವಾಗ ಸಡಿಲ ಜಡೆ ಸಾಕು.

## ಸೀಳನ್ನು ಅಂಟಿಸುವ ಸೀರಂ

"ಸೀಳು ತುದಿ ರಿಪೇರಿ" ಎಂದು ಬರೆದ ಬಾಟಲಿಗಳಲ್ಲಿ ಸಾಮಾನ್ಯವಾಗಿ ಸಿಲಿಕೋನ್ ಅಥವಾ ಅಂಟಿನಂಥ ಪಾಲಿಮರ್ ಇರುತ್ತದೆ. ಬಿಚ್ಚಿಕೊಂಡ ಎರಡು ಎಳೆಗಳನ್ನು ಇದು ನಿಜವಾಗಿ ಕೂಡಿಸುತ್ತದೆ, ಆದರೆ ಕೆಲವು ಸ್ನಾನದಲ್ಲಿ ತೊಳೆದುಹೋಗುತ್ತದೆ. ಸೀಳು ಮೇಲೆ ಹರಿಯುವುದನ್ನು ಮುಂದಿನ ಟ್ರಿಮ್‌ವರೆಗೆ ತಡೆಯಲು ಒಂದೆರಡು ಹನಿ ತುದಿಗೆ ಹಚ್ಚುವುದು ದಂಡವಲ್ಲ. ವಾಸಿಯಾಗುತ್ತದೆ ಎಂದು ನಂಬಿ ಕೊಳ್ಳಬೇಡಿ. ಕೂದಲಿಗೆ ಮೊಟ್ಟೆ ಹಚ್ಚಿದರೂ ಸೀಳು ವಾಸಿಯಾಗುವುದಿಲ್ಲ, ಅದರ ಪ್ರೋಟೀನ್ ಅಣು ಕೂದಲಿನೊಳಗೆ ಹೋಗಲಾರದಷ್ಟು ದೊಡ್ಡದು. ಅದು ಮೇಲೆ ಕೂತು ನೀರಿನ ಜೊತೆ ಹೋಗುತ್ತದೆ.

## ತೊಂದರೆ ತುದಿಯದಲ್ಲ ಎಂದು ತಿಳಿಯುವುದು ಹೇಗೆ

ಬಾಚಣಿಗೆಯಲ್ಲಿ ಉಳಿದ ಕೂದಲನ್ನು ಒಮ್ಮೆ ಗಮನಿಸಿ. ಒಂದು ಕೊನೆಯಲ್ಲಿ ಸಣ್ಣ ಬಿಳಿ ಗುಬುಟು ಇದ್ದು, ಪೂರ್ತಿ ಉದ್ದವಿದ್ದರೆ ಅದು ಬುಡದಿಂದ ಉದುರಿದ್ದು. ಗುಬುಟು ಇಲ್ಲದ ಗಿಡ್ಡ ತುಂಡುಗಳಾದರೆ ಮುರಿದದ್ದು. ತುಂಡುಗಳೇ ಹೆಚ್ಚಿದ್ದರೆ ಈವರೆಗೆ ಹೇಳಿದ ಮಾತೆಲ್ಲ ನಿಮಗೇ. ಗುಬುಟಿರುವ ಕೂದಲು ಹಿಡಿಹಿಡಿಯಾಗಿ ಬರುತ್ತಿದ್ದರೆ ಎಣ್ಣೆ, ಕತ್ತರಿ, ಕಂಡೀಷನರ್ ಯಾವುದೂ ಅದನ್ನು ನಿಲ್ಲಿಸುವುದಿಲ್ಲ. ಹೆರಿಗೆಯಾಗಿ ಅಥವಾ ಜೋರು ಜ್ವರ ಬಂದು ಎರಡು ಮೂರು ತಿಂಗಳ ನಂತರ ಹಾಗಾಗುವುದುಂಟು, ಅದು ಸಾಮಾನ್ಯವಾಗಿ ತಾನೇ ಸರಿಹೋಗುತ್ತದೆ. ಅಂಥದ್ದೇನೂ ಇಲ್ಲದೆ ಉದುರುತ್ತಿದ್ದರೆ, ಬೈತಲೆ ಅಗಲವಾಗುತ್ತಿದ್ದರೆ, ಅಥವಾ ಏನೂ ಮಾಡಿಸದೆಯೇ ಕೂದಲು ನೆತ್ತಿಯ ಹತ್ತಿರದಲ್ಲೇ ಮುರಿಯುತ್ತಿದ್ದರೆ ಚರ್ಮದ ವೈದ್ಯರ ಬಳಿ ಹೋಗಿ. ಅವರು ಕಬ್ಬಿಣಾಂಶ, ಥೈರಾಯ್ಡ್ ಪರೀಕ್ಷೆಗೆ ಬರೆದುಕೊಡಬಹುದು.